ಅಕ್ಕನ ಮಷಿನ್ನಿಗೆ ನನ್ನ ಜಾಮೀನು

ನಮ್ಮ ಅಕ್ಕ ಫೋನಿನಲ್ಲಿ ಕುಶಲ ಕೇಳಿ ಮಾತು ಶುರುಮಾಡಿದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ. ಅವತ್ತೂ ಅಷ್ಟೇ. ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂಬತ್ತನೇ ತರಗತಿಯವರು ಒಡೆದಿಟ್ಟಿದ್ದ ಗಾಜಿನ ಸಾಮಾನು ಎತ್ತಿಡುತ್ತ ಫೋನ್ ಕಿವಿಗೆ ಹಿಡಿದೆ.

“ನಾಳೆ ರಜಾ ಹಾಕು. ಸಿಂಧನೂರಿಗೆ ಬಾ. ಒಂದು ಸಹಿ ಐತಿ” ಎಂದಳು.

“ಎಂಥಾ ಸಹಿ?”

“ಭತ್ತ ಕೊಯ್ಯೋ ಮಷಿನ್ ತಗೊಳ್ಳಾಕತ್ತೀವಿ. ಸಾಲಕ್ಕ ನೌಕರಿ ಇದ್ದವರದು ಒಂದು ಜಾಮೀನು ಬೇಕಂತ. ಬಂದು ಗೀಚಿ ಹೋಗು, ಹತ್ತು ನಿಮಿಷದ ಕೆಲಸ.”

ಅಕ್ಕನ ಮನೆ ವಳಕಮದಿನ್ನಿಯಲ್ಲಿ. ಕಾಲುವೆ ನೀರಿನ ಊರು, ಎಲ್ಲಿ ನೋಡಿದರೂ ಭತ್ತ. ಕೊಯ್ಲು ಬಂತೆಂದರೆ ಊರಿಗೆ ಊರೇ ಮಷಿನ್ನಿಗೆ ಕಾಯುತ್ತದೆ. ಹೊರಗಿನಿಂದ ಬರುವ ಮಷಿನ್ನಿನವರ ಮುಂದೆ ನಿಂತು “ನಮ್ಮ ಹೊಲಕ್ಕ ಯಾವಾಗ ಬರ್ತೀರಿ” ಎಂದು ಕೇಳಿ ಕೇಳಿ ಅಕ್ಕನ ಗಂಡನಿಗೆ ಸಾಕಾಗಿತ್ತು. ತಮ್ಮದೇ ಒಂದಿದ್ದರೆ ನಮ್ಮ ಹೊಲವೂ ಆಯಿತು, ನಾಲ್ಕೂರಿನ ಬಾಡಿಗೆಯೂ ಆಯಿತು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪೇನೂ ಇರಲಿಲ್ಲ. ಮುಂಗಡಕ್ಕೆ ಅಕ್ಕ ತನ್ನ ಬಳೆಗಳನ್ನು ಅಡವಿಟ್ಟಿದ್ದಳು. ಕೊಯ್ಲಿನೊಳಗೆ ಸಾಲ ಕೈಗೆ ಬರದಿದ್ದರೆ ಡೀಲರು ಆ ಮಷಿನ್ನನ್ನು ಬೇರೆಯವರಿಗೆ ಕೊಡುವವನು. ಆಗ ಒಂದು ಬೆಳೆಯ ದುಡಿಮೆ ಹೋಯಿತು, ಬಳೆಗಳಿಗೆ ಬಡ್ಡಿ ಓಡುತ್ತಲೇ ಇರುತ್ತದೆ.

ನಾನು ರಜೆ ಹಾಕಿದೆ. ಅಕ್ಕನ ಮಾತಿಗೆ ಎದುರಾಡುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇಲ್ಲ. ಅಕ್ಷರ ಕಂಡರೆ ಓದದೆ ಬಿಡುವ ಧೈರ್ಯವೂ ಇಲ್ಲ. ಬಸ್ಸಿನಲ್ಲಿ ಸೀಟಿನ ಹಿಂದೆ ಬರೆದದ್ದನ್ನೂ ಓದುವವಳು ನಾನು.

ಸಿಂಧನೂರಿನ ಆ ಫೈನಾನ್ಸ್ ಕಂಪನಿಯ ಆಫೀಸು ಒಂದು ಕ್ರಿಮಿನಾಶಕದಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ವಾಸನೆಗೆ ತಲೆ ತಿರುಗುತ್ತಿತ್ತು. ಮ್ಯಾನೇಜರು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವರು. ಮನೆ ಮಾತು ತೆಲುಗು, ಕನ್ನಡ ನಮಗಿಂತ ಜೋರು. ಅಕ್ಕ, ಅಕ್ಕನ ಗಂಡ ಆಗಲೇ ಬಂದು ಕೂತಿದ್ದರು. ಮೇಜಿನ ಮೇಲೆ ಒಂದು ಕಟ್ಟು ಇಂಗ್ಲಿಷ್ ಕಾಗದ. ಸಹಿ ಬೀಳಬೇಕಾದ ಕಡೆಗೆಲ್ಲ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು. ಬರೆದದ್ದೇನೆಂದು ತೋರಿಸಲು ಮಾತ್ರ ಯಾವ ಗುರುತೂ ಇರಲಿಲ್ಲ.

“ಬಾ ಟೀಚರಮ್ಮ, ನಿನ್ನ ಸಹಿಗೇ ಕಾಯಾಕತ್ತೀವಿ” ಎಂದು ಅಕ್ಕನ ಗಂಡ ಪೆನ್ನು ಕೊಟ್ಟರು.

ನಾನು ಪೆನ್ನು ತಗೊಂಡು ಓದಲು ಶುರುಮಾಡಿದೆ. ಎರಡನೆಯ ಹಾಳೆಗೇ ಅವರು ಕಾಲು ಅಲ್ಲಾಡಿಸತೊಡಗಿದರು. ಮ್ಯಾನೇಜರು ನಗುತ್ತಲೇ, “ಎಲ್ಲಾ ಸ್ಟ್ಯಾಂಡರ್ಡ್ ಐತ್ರಿ ಮೇಡಂ. ಎಲ್ಲಾರಿಗೂ ಇದೇ ಫಾರ್ಮು” ಎಂದರು. ಎಲ್ಲರಿಗೂ ಅದೇ ಎಂದರೆ ಎಲ್ಲರೂ ಓದಿದ್ದಾರೆ ಎಂದಲ್ಲವಲ್ಲ! ಹಾಳೆ ತಿರುಗಿಸುತ್ತ ಹೋದೆ. ಕೊನೆಯ ಪುಟದಲ್ಲಿ ಒಂದೇ ಒಂದು ಕನ್ನಡದ ಸಾಲು ಸಿಕ್ಕಿತು. ‘ಮೇಲಿನ ಎಲ್ಲ ಷರತ್ತುಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ನಾನು ಅರ್ಥಮಾಡಿಕೊಂಡಿದ್ದೇನೆ.’ ಅದರ ಮುಂದೆ ಅಕ್ಕನ ಸಹಿ ಆಗಲೇ ಬಿದ್ದಿತ್ತು.

“ಅಕ್ಕ, ಇದನ್ನ ನಿನಗ ಓದಿ ಹೇಳ್ಯಾರೇನು?”

“ಯಾವುದನ್ನ?”

ಮ್ಯಾನೇಜರರ ಕಡೆ ತಿರುಗಿದೆ. “ಸರ್, ಓದಿ ವಿವರಿಸಲಾಗಿದೆ ಅಂತ ಐತಿ. ಓದ್ರಿ. ವಿವರಿಸ್ರಿ. ಆಮ್ಯಾಲೆ ನಾ ಸಹಿ ಮಾಡ್ತೀನಿ.”

ಅಕ್ಕನ ಗಂಡ ಹಣೆ ಹಿಡಿದುಕೊಂಡರು. ಮ್ಯಾನೇಜರು ಮಾತ್ರ ಒಳ್ಳೆಯ ಮನುಷ್ಯ. ಒಂದು ಕ್ಷಣ ನನ್ನನ್ನು ನೋಡಿ, ಚಹಾ ತರಲು ಹೇಳಿ, ಕನ್ನಡಕ ಏರಿಸಿ ಕೂತುಬಿಟ್ಟರು. ಪಕ್ಕದ ಬೆಂಚಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಇಬ್ಬರು ರೈತರೂ ಕುರ್ಚಿ ಎಳೆದುಕೊಂಡು ಬಂದರು. ಪುರಾಣ ಹಚ್ಚಿದಂತೆ ಆಯಿತು.

ಮೊದಲು ‘ಡಿಫಾಲ್ಟ್’ ಎಂಬ ಅಧ್ಯಾಯ. ಕಂತು ಕಟ್ಟದಿದ್ದರೆ ಡಿಫಾಲ್ಟ್, ಅಂದರೆ ಸುಸ್ತಿ. ಅದು ಎಲ್ಲರಿಗೂ ಗೊತ್ತು. ಆದರೆ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಮಷಿನ್ನಿನ ವಿಮೆ ತಪ್ಪಿದರೂ ಡಿಫಾಲ್ಟ್, ಕಂಪನಿಗೆ ತಿಳಿಸದೆ ಮಾರಿದರೂ ಡಿಫಾಲ್ಟ್, ಅರ್ಜಿಯಲ್ಲಿ ಸುಳ್ಳು ಬರೆದಿದ್ದರೂ ಡಿಫಾಲ್ಟ್.

“ಡಿಫಾಲ್ಟ್ ಆದ್ರ ಏನು ಮಾಡ್ತೀರಿ? ತಪ್ಪಿದ ಕಂತು ಕೇಳ್ತೀರಿ, ಹೌದಲ್ರಿ?” ಎಂದರು ಅಕ್ಕನ ಗಂಡ.

“ಹಂಗಿಲ್ರಿ. ಬೇಕಂದ್ರ ಪೂರ್ತಿ ಸಾಲಾನ ಒಂದೇ ಸಲ ಕಟ್ಟು ಅಂತ ಕೇಳಬಹುದು. ಮಷಿನ್ ಹಿಡೀಬಹುದು.”

ಅಕ್ಕನ ಗಂಡ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು.

ಮುಂದಿನದು ‘ಕ್ರಾಸ್ ಡಿಫಾಲ್ಟ್’. ಮ್ಯಾನೇಜರು ಅದನ್ನು ಎರಡು ಸಲ ತಮ್ಮೊಳಗೇ ಓದಿಕೊಂಡು ಹೇಳಿದರು. “ಅಂದ್ರ, ಈ ಸಾಲ ನೀವು ಬರೋಬ್ಬರಿ ಕಟ್ಟಾಕತ್ತಿದ್ರೂನೂ, ಬ್ಯಾರೆ ಯಾವುದಾದ್ರೂ ಸಾಲದಾಗ ಸುಸ್ತಿ ಆದ್ರಿ ಅಂದ್ರ, ಇದೂ ಸುಸ್ತಿ ಅಂತ ಹಿಡೀಬಹುದು. ನಮ್ಮ ಕಡೆ ಇದ್ದ ಸಾಲ ಆಗಲಿ, ಬ್ಯಾರೆ ಕಡೆ ಇದ್ದ ಸಾಲ ಆಗಲಿ.”

“ಟ್ರ್ಯಾಕ್ಟರದ್ದೂ?”

“ಟ್ರ್ಯಾಕ್ಟರದ್ದೂ.”

ಅಕ್ಕನ ಗಂಡನಿಗೆ ಟ್ರ್ಯಾಕ್ಟರಿನ ಕಂತನ್ನು ಭತ್ತ ಮಾರಿದ ಮೇಲೆ, ತೇದಿ ದಾಟಿದ ಮೇಲೆ, ದಂಡ ಸಮೇತ ಕಟ್ಟುವ ರೂಢಿ. ದುಡ್ಡು ಮುಳುಗಿಸುವ ಮನುಷ್ಯರಲ್ಲ. ಆದರೆ ತೇದಿ ಎಂಬುದನ್ನು ಅವರು ಪಂಚಾಂಗಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಂಬಿದ್ದರು. ಬೆಂಚಿನ ರೈತರಲ್ಲೊಬ್ಬರು, “ಅಲಲಾ, ಎತ್ತು ಕುಂಟಿದ್ರ ಎಮ್ಮೀನೂ ಹೊಡ್ಕೊಂಡು ಹೋಗ್ತೀರಿ ಅಂದಂಗಾತು!” ಎಂದರು. ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ. ಅವಳು ಗಂಡನನ್ನು ನೋಡುತ್ತಿದ್ದ ರೀತಿಯಲ್ಲೇ ಟ್ರ್ಯಾಕ್ಟರಿನ ಕಂತು ಇನ್ನು ಮೇಲೆ ತಪ್ಪುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

“ಇನ್ನೂ ಮುಗಿದಿಲ್ರಿ” ಎಂದು ಮ್ಯಾನೇಜರು ಬೆರಳಿಟ್ಟು ಓದಿದರು. “ಸಾಲಗಾರ ‘ಅಥವಾ ಜಾಮೀನುದಾರ’ ಅಂತ ಐತಿ. ಜಾಮೀನುದಾರರು ತಮ್ಮ ಯಾವುದೇ ಸಾಲ, ಇಲ್ಲಾ ತಾವು ಬ್ಯಾರೆಯವರಿಗೆ ಕೊಟ್ಟ ಜಾಮೀನಿನ ಬಾಕಿ, ಉಳಿಸಿಕೊಂಡ್ರೂ ಇಲ್ಲಿ ಡಿಫಾಲ್ಟ್.”

“ಅದರ ಫಿಕರ್ ಬಿಡ್ರಿ. ನಮ್ಮ ಟೀಚರಮ್ಮ ಕಾಯಿಪಲ್ಯಾದಾಕಿಗೂ ಚಿಲ್ಲರೆ ಬಾಕಿ ಇಟ್ಟಾಕಿ ಅಲ್ಲ” ಎಂದರು ಅಕ್ಕನ ಗಂಡ, ನನ್ನ ಮೇಲಿನ ಹೆಮ್ಮೆಯಿಂದ.

ಆಗ ನಾನೇ ಸಹಿ ಹಾಕಿದ್ದ ಇನ್ನೊಂದು ಜಾಮೀನು ನನಗೆ ನೆನಪಾಯಿತು.

ನಮ್ಮ ಶಾಲೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮಗೊಂದು ನೌಕರರ ಪತ್ತಿನ ಸಂಘವಿದೆ. ಮಗಳ ಮದುವೆ, ಮನೆಗೆ ಸ್ಲ್ಯಾಬು, ಏನೇ ಬರಲಿ, ಸಂಘದ ಸಾಲ. ಸಂಘಕ್ಕೆ ಜಾಮೀನಾಗಿ ಇನ್ನೊಬ್ಬ ನೌಕರ ಬೇಕು. ಅದಕ್ಕೆ ಫಾರ್ಮು ಸ್ಟಾಫ್‌ರೂಮಿನಲ್ಲಿ ಚುರುಮುರಿಯ ಜೊತೆಗೇ ಸುತ್ತು ಬರುತ್ತದೆ. ನಾನು ಮನೆ ಕಟ್ಟಿಸುವಾಗ ನಮ್ಮ ಚಿತ್ರಕಲೆಯ ಮಾಸ್ತರು ನನಗೆ ಸಹಿ ಹಾಕಿದರು. ಆಮೇಲೆ ಅವರ ಸರದಿ ಬಂದಾಗ ನಾನು ಹಾಕಿದೆ. ಕೇಳುವುದಿಲ್ಲ, ಓದುವುದಿಲ್ಲ. ಸೀಟಿನ ಹಿಂದಿನದನ್ನೂ ಓದುವ ನಾನೇ ಆ ಫಾರ್ಮನ್ನು ಓದಿರಲಿಲ್ಲ. ಯಾಕೆಂದರೆ ಕಂತನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ತಪ್ಪುವ ಪ್ರಶ್ನೆಯೇ ಇಲ್ಲ.

ಆದರೆ ಮಾಸ್ತರರ ಹೆಂಡತಿಗೆ ಆಪರೇಷನ್ ಆಗಿತ್ತು. ಇದ್ದ ರಜೆಯೆಲ್ಲ ಮುಗಿದು, ಅವರು ಸಂಬಳವಿಲ್ಲದ ರಜೆಯ ಮೇಲೆ ಮಸ್ಕಿಯ ತಮ್ಮ ಮನೆಯಲ್ಲಿದ್ದರು. ಸಂಬಳವೇ ಇಲ್ಲದಿದ್ದರೆ ಕಂತು ಎಲ್ಲಿಂದ ಮುರಿಯುತ್ತಿದೆ? ಈ ಪ್ರಶ್ನೆ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಹೊರಗೆ ಮೆಟ್ಟಿಲ ಮೇಲೆ ನಿಂತು ಸಂಘದ ಕಾರ್ಯದರ್ಶಿಗೆ ಫೋನ್ ಹಚ್ಚಿದೆ.

“ಹೌದ್ರಿ ಮೇಡಂ, ಅವರು ಸುಸ್ತಿ ಆಗ್ಯಾರ. ಈ ಸಲದ ಮೀಟಿಂಗಿನಾಗ ನಿಮ್ಮ ಸಂಬಳದಾಗ ಮುರೀಬೇಕು ಅಂತ ಬರೀತೀವಿ. ಮೊದಲೇ ಹೇಳಿ ನಿಮಗ್ಯಾಕ ತ್ರಾಸ ಅಂತ ಸುಮ್ನಿದ್ದೆ” ಎಂದರು, ಬಹಳ ಪ್ರೀತಿಯಿಂದ.

ಒಳಗೆ ಹೋಗಿ ಪೆನ್ನನ್ನು ಮೇಜಿನ ಮೇಲಿಟ್ಟು ಅಕ್ಕನ ಗಂಡನಿಗೆ ಹೇಳಿದೆ. “ಮಾಮಾ, ಇವತ್ತು ನಾ ಸಹಿ ಮಾಡಂಗಿಲ್ಲ.”

ಅಕ್ಕನ ಗಂಡನ ಮುಖ ಸಣ್ಣದಾಯಿತು. “ಬಿಡು, ಕಲಿತವರ ಬುದ್ಧಿ ಹಿಂಗ ಇರತೈತಿ. ಮೊದಲೇ ಹೇಳಿದ್ರ ಬ್ಯಾರೆಯವರನ್ನ ನೋಡ್ತಿದ್ವಿ” ಎಂದರು. ಅಕ್ಕ ಖಾಲಿ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಗಂಡನ ಮಾತಿಗಿಂತ ಅದು ನನಗೆ ಹೆಚ್ಚು ಚುಚ್ಚಿತು.

“ಪೂರ್ತಿ ಕೇಳ್ರಿ ಮೊದಲು! ನೀವು ನನ್ನ ಮುಳುಗಿಸ್ತೀರಿ ಅಂತ ಅಲ್ಲ. ನಾನೇ ನಿಮ್ಮನ್ನ ಮುಳುಗಿಸ್ತೀನಿ” ಎಂದು ದನಿ ಏರಿಸಿಯೇ ಹೇಳಿದೆ. ಮಾಸ್ತರರ ವಿಷಯ ತಿಳಿಸಿದೆ. ನನ್ನ ಸಾಲದ ದಾಖಲೆಯ ಸ್ಕೋರು ನೋಡಿದಾಗ ಏನೂ ಕಂಡಿರಲಿಲ್ಲ ಎಂದು ಮ್ಯಾನೇಜರು ಅಚ್ಚರಿಪಟ್ಟರು. ನಮ್ಮ ಸಂಘದ ಸಾಲಗಳು ಅಲ್ಲಿ ಕಾಣಿಸಿಕೊಳ್ಳುವುದಿಲ್ಲವಂತೆ. ಆದರೆ ನಾನು ಸಹಿ ಹಾಕಬೇಕಿದ್ದ ಹಾಳೆಯಲ್ಲಿ ‘ನಾನು ಕೊಟ್ಟ ಯಾವ ಜಾಮೀನಿನಲ್ಲೂ ಬಾಕಿ ಇಲ್ಲ’ ಎಂದಿತ್ತು. ಸಹಿ ಹಾಕಿದರೆ ಅದೇ ಸುಳ್ಳು, ಸುಳ್ಳೂ ಡಿಫಾಲ್ಟ್. ಸಂಘ ನನ್ನನ್ನು ಕೇಳಿ ನಾನು ಕಟ್ಟದೆ ಹೋದರೆ ಇನ್ನೊಂದು ಡಿಫಾಲ್ಟ್. ಚಿತ್ರಕಲೆಯ ಮಾಸ್ತರು ಮಸ್ಕಿಯಲ್ಲಿ ಕಂತು ಮರೆತರೆ ವಳಕಮದಿನ್ನಿಯ ಗದ್ದೆಯಿಂದ ಕಂಪನಿಯವರು ಮಷಿನ್ ಎತ್ತಿಕೊಂಡು ಹೋಗಬಹುದು!

ಅಕ್ಕನ ಗಂಡ ಕೇಳಿದ್ದು ಒಂದೇ ಮಾತು. “ಆ ಮಾಸ್ತರ ಹೆಂಡ್ತಿ ಈಗ ಹೆಂಗದಾರ?”

ಆ ಕ್ಷಣಕ್ಕೆ ನನ್ನ ಅಕ್ಕನನ್ನು ಎಂಥ ಮನುಷ್ಯನಿಗೆ ಕೊಟ್ಟಿದ್ದೇವೆ ಎಂದು ನನಗೆ ಇನ್ನೊಮ್ಮೆ ಗೊತ್ತಾಯಿತು. ಅದನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ಹಿಗ್ಗುತ್ತಾರೆ.

ಮಸ್ಕಿ ಹೇಗೂ ನನ್ನ ದಾರಿಯಲ್ಲೇ. ಮೂವರೂ ಅವರ ಹಳೆಯ ಜೀಪಿನಲ್ಲಿ ಹೊರಟೆವು. ಬೇನೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅಕ್ಕ ದಾರಿಯಲ್ಲಿ ಮೋಸಂಬಿ ಕೊಂಡಳು. ಮಾಸ್ತರು ಬಾಗಿಲಲ್ಲೇ ಇದ್ದರು. ಗಡ್ಡ ಬಂದಿತ್ತು. ಹೆಂಡತಿ ಎದ್ದು ಓಡಾಡುವಂತಾಗಿದ್ದರು. ನಾನು ಸುತ್ತು ಬಳಸದೆ ಹೇಳಿದೆ. “ಸರ್, ಸಂಘದ ಕಂತು ನಿಂತೈತಿ.”

“ಇಲ್ರಿ ಮೇಡಂ, ಅದು ಸಂಬಳದಾಗ ಮುರ್ಕೊಳ್ತಾರ.”

“ಸಂಬಳ ಎಲ್ಲೈತ್ರಿ ಸರ್?”

ಅವರು ನೌಕರಿಗೆ ಸೇರಿದಂದಿನಿಂದ ಒಂದು ಕಂತನ್ನೂ ಕೈಯಾರೆ ಕಟ್ಟಿ ಗೊತ್ತಿಲ್ಲದ ಮನುಷ್ಯ. ಆಸ್ಪತ್ರೆಯ ಬಿಲ್ಲು, ಔಷಧಿ ಅಂಗಡಿಯ ಉದ್ರಿ, ಎಲ್ಲವನ್ನೂ ಚುಕ್ತಾ ಮಾಡಿದ್ದರು. ಇದೊಂದು ಬಾಕಿಯೆಂದೇ ಅವರ ತಲೆಗೆ ಬಂದಿರಲಿಲ್ಲ. “ನಿಮ್ಮ ಸಂಬಳಕ್ಕ ಕೈ ಹಾಕ್ತಿದ್ರಲ್ರಿ! ನಾ ಹೆಂಗ ಮುಖ ತೋರಸ್ಲಿ” ಎಂದು ಕಣ್ಣೀರು ಹಾಕಿಕೊಂಡರು. ಅಕ್ಕನ ಗಂಡ ಅವರ ಹೆಗಲ ಮೇಲೆ ಕೈ ಹಾಕಿ, “ನಾನೂ ಟ್ರ್ಯಾಕ್ಟರದ್ದು ಇವತ್ತೇ ಕಲ್ತೀನಿ ಮಾಸ್ತರ, ಬರ್ರಿ ಮಿರ್ಚಿ ಭಜಿ ತಿನ್ನೋಣು” ಎಂದು ಕರೆದುಕೊಂಡು ಹೋದರು. ನಾವು ಹೆಂಗಸರು ಮೋಸಂಬಿ ತಿಂದೆವು.

ಮರುದಿನವೇ ಮಾಸ್ತರು ಲಿಂಗಸುಗೂರಿಗೆ ಬಂದು ಬಾಕಿ ಕಟ್ಟಿದರು. ಸಂಘದಿಂದ ಸುಸ್ತಿ ಇಲ್ಲವೆಂದು ಪತ್ರ ತಂದುಕೊಟ್ಟರು. ಇತ್ತ ಮ್ಯಾನೇಜರೂ ಸುಮ್ಮನೆ ಕೂತಿರಲಿಲ್ಲ. ಅಚ್ಚಾದ ಫಾರ್ಮನ್ನು ತಿದ್ದುವ ಅಧಿಕಾರ ಅವರಿಗಿರಲಿಲ್ಲ. ಮೇಲಿನ ಆಫೀಸಿಗೆ ಬರೆದು ಮಂಜೂರಾತಿ ಪತ್ರಕ್ಕೆ ಕೆಲವು ಮಾತು ಸೇರಿಸಿದ್ದರು. ನನ್ನ ಜಾಮೀನು ಈ ಮಷಿನ್ನಿನ ಸಾಲಕ್ಕೆ ಮಾತ್ರ. ಮುಂದೆ ಅಕ್ಕನ ಗಂಡ ಇನ್ನೇನೇ ಸಾಲ ತೆಗೆದರೂ ಅದು ನನ್ನ ಕೊರಳಿಗಿಲ್ಲ. ಕಂತು ತಪ್ಪಿದರೆ ನನಗೂ ತಿಳಿಸಬೇಕು. ಬೇರೆ ಸಾಲದ ಬಾಕಿಯನ್ನು ಹಿಡಿದು ಇದನ್ನು ಕೇಳುವ ಮೊದಲು ನೋಟಿಸ್ ಕೊಟ್ಟು, ಸರಿಪಡಿಸಲು ಸಮಯ ಕೊಡಬೇಕು. ಮಾಸ್ತರರಿಗೆ ಕೊಟ್ಟ ಜಾಮೀನನ್ನು ನಾನು ನನ್ನ ಹಾಳೆಯಲ್ಲಿ ಬರೆದುಕೊಟ್ಟೆ. ಕ್ರಾಸ್ ಡಿಫಾಲ್ಟ್ ಮಾತ್ರ ಅಳಿಯಲಿಲ್ಲ. ಅದನ್ನು ಅಳಿಸಿದರೆ ತಮ್ಮ ನೌಕರಿ ಅಳಿಯುತ್ತದೆ ಎಂದರು ಮ್ಯಾನೇಜರು.

ಮತ್ತೆ ಅದೇ ಮೇಜು. ಪೆನ್ನು ಕೈಗೆ ತಗೊಂಡಿದ್ದೆ. ಅಷ್ಟರಲ್ಲಿ ಅಕ್ಕ ಕೇಳಿದಳು.

“ಸಾಹೇಬ್ರ, ನಾವು ಕಟ್ಟಲಿಲ್ಲ ಅಂತ ತಿಳ್ಕೊಳ್ರಿ. ಮೊದಲು ನಮ್ಮ ಮನಿಗೆ ಬರ್ತೀರೋ, ಇಕಿ ಮನಿಗೆ ಹೋಗ್ತೀರೋ?”

“ಯಾರ ಮನಿಗಾದ್ರೂ ಹೋಗಬಹುದಮ್ಮ. ಮೊದಲು ನಿಮ್ಮನ್ನೇ ಕೇಳಬೇಕು ಅಂತ ಇಲ್ಲ. ಸಾಲಗಾರರ ಹೊಣೆ ಎಷ್ಟೋ, ಜಾಮೀನುದಾರರದೂ ಅಷ್ಟೇ.”

“ಪೂರಾ?”

“ಪೂರಾ. ಕಟ್ಟಿದ ಮ್ಯಾಲೆ ಅವರು ನಿಮ್ಮ ಕಡಿಂದ ವಸೂಲಿ ಮಾಡ್ಕೋಬಹುದು, ಅದು ಬ್ಯಾರೆ ಮಾತು.”

ಅಕ್ಕ ನನ್ನ ಕೈ ಹಿಡಿದು ಪೆನ್ನು ಕಸಿದುಕೊಂಡಳು. “ನಾ ಇದು ಸಾಕ್ಷಿ ಸಹಿ ಅಂತ ತಿಳ್ಕೊಂಡಿದ್ದೆ. ಮದುವಿಗೆ ಹಿರ್ಯಾರು ಮಾಡ್ತಾರಲ್ಲ, ಹಂಗ. ಇಷ್ಟು ಅಂತ ಗೊತ್ತಿದ್ರ ನಿನ್ನ ಕರೀತಿದ್ದಿಲ್ಲ. ಬ್ಯಾಡ, ನಡಿ ಮನಿಗೆ. ಮಷಿನ್ ಹೋದ್ರ ಹೋಗ್ಲಿ.”

ಬಳೆ ಅಡವಿಟ್ಟು ಹಿಡಿದ ಮಷಿನ್ನನ್ನು ಅವಳು ನನಗಾಗಿ ಬಿಡಲು ಹೊರಟಿದ್ದಳು. ನಾನೆಂದೂ ಅಕ್ಕನ ಮಾತು ಮೀರಿದವಳಲ್ಲ ಎಂದೆನಲ್ಲ, ಅವತ್ತು ಮೀರಿದೆ. ಪೆನ್ನು ತಿರುಗಿ ಕಸಿದುಕೊಂಡು ಗುರುತು ಹಾಕಿದ ಪ್ರತಿ ಜಾಗದಲ್ಲೂ ನಿಧಾನವಾಗಿ, ದುಂಡಗೆ ಸಹಿ ಹಾಕಿದೆ. ಮಾಸ್ತರರಿಗೆ ಸಹಿ ಹಾಕಿದ್ದು ರೂಢಿಯಿಂದ. ಅಕ್ಕನಿಗೆ ಏನು ಕೊಡುತ್ತಿದ್ದೇನೆಂದು ಪೂರ್ತಿ ಗೊತ್ತಿದ್ದು ಕೊಟ್ಟೆ, ಸಂತೋಷದಿಂದ ಕೊಟ್ಟೆ.

ಮಷಿನ್ ಬಂತು. ಕೊಯ್ಲು ಆಯಿತು. ಬಳೆಗಳೂ ಕೈಗೆ ಬಂದವು. ಈಗ ಪ್ರತಿ ಕೊಯ್ಲಿನ ನಂತರ ಅಕ್ಕನ ಫೋನ್ ಬರುತ್ತದೆ. ಈಗಲೂ ಕುಶಲ ಕೇಳುವುದಿಲ್ಲ.

“ಮಷಿನ್ನಿಂದು ಕಟ್ಟೀವಿ. ಟ್ರ್ಯಾಕ್ಟರದ್ದೂ ತೇದಿ ಒಳಗೇ ಕಟ್ಟೀವಿ” ಎನ್ನುತ್ತಾಳೆ. ಆಮೇಲೆ, ಮಸ್ಕಿಯಲ್ಲಿ ಒಂದೇ ಸಲ ಕಂಡ ಆ ಮನುಷ್ಯನ ಬಗ್ಗೆ ನಮ್ಮ ಖಾಸಾ ಅಣ್ಣನನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಾಳೆ.

“ಮಾಸ್ತರು ಕಟ್ಟ್ಯಾರೇನಬೇ?”